ಕುಗ್ಗಿಸಿದ ತೆಂಗು ಎಳೆಯ ತೆಂಗಲ್ಲ: ಮನೆಯ ರೆಂಡರ್‌ನಲ್ಲಿ ಗಿಡಮರಗಳ ಅಳತೆ ಮತ್ತು ಜಾಗ

ಉಡುಪಿ ಸಮೀಪದ 25 ಸೆಂಟ್ಸ್ ಜಾಗದಲ್ಲಿ ಕಟ್ಟಬೇಕಿದ್ದ ಎರಡಂತಸ್ತಿನ ಮನೆಯೊಂದರ ರೆಂಡರ್ ಅನ್ನು ಕೆಲವು ವರ್ಷಗಳ ಹಿಂದೆ ನಾನು ಮಾಡಿ ತೋರಿಸಿದಾಗ, ಮನೆಯ ಯಜಮಾನರು ಗೋಡೆಯ ಬಣ್ಣವನ್ನಾಗಲಿ ಹಂಚಿನ ಮಾಡನ್ನಾಗಲಿ ನೋಡಲಿಲ್ಲ. ಅವರ ಬೆರಳು ನೇರವಾಗಿ ಅಂಗಳದ ತೆಂಗಿನ ಮರದ ಮೇಲೆ ಹೋಗಿ ನಿಂತಿತು. "ಇದು ಎಂಥದು ಮಾರಾಯ್ರೆ, ಮಹಡಿಯ ಕಿಟಕಿಯಿಂದ ಕೈ ಚಾಚಿದರೆ ಸೀಯಾಳ ಕೊಯ್ಯಬಹುದಲ್ಲ?" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಚಿತ್ರದ ಚೌಕಟ್ಟಿನೊಳಗೆ ಇಡೀ ಮರ ಕಾಣಲಿ ಎಂಬ ಆಸೆಯಿಂದ ಹದಿನಾಲ್ಕು ಮೀಟರಿನ ಮರವನ್ನು ನಾನು ಏಳು ಮೀಟರಿಗೆ ಕುಗ್ಗಿಸಿದ್ದೆ. ಹಾಗೆ ಮಾಡಿದಾಗ ಎತ್ತರ ಮಾತ್ರ ಅರ್ಧವಾಗುವುದಿಲ್ಲ. ಗರಿ, ಕಾಂಡ, ಕಾಯಿ ಎಲ್ಲವೂ ಅರ್ಧವಾಗುತ್ತವೆ. ತೆಂಗನ್ನು ದಿನವೂ ನೋಡುವವರ ಕಣ್ಣಿಗೆ ಅದು ತಕ್ಷಣ ಚುಚ್ಚುತ್ತದೆ, ಮತ್ತು ಅದಕ್ಕಿಂತ ಕೆಟ್ಟ ಪರಿಣಾಮವೆಂದರೆ, ಗೊಂಬೆಯಂಥ ಮರದ ಪಕ್ಕದಲ್ಲಿ ನಿಂತ ಮನೆಯ ಗಾತ್ರವೂ ಅನುಮಾನಕ್ಕೆ ಬೀಳುತ್ತದೆ.

ಅದೇ ಮನೆಯನ್ನು ಉದಾಹರಣೆಯಾಗಿಟ್ಟುಕೊಂಡು, ತೆಂಗು, ಬಾಳೆ ಮತ್ತು ಹೂಗಿಡಗಳನ್ನು ಕ್ರಮವಾಗಿ ಸೇರಿಸುವ ವಿಧಾನವನ್ನು ಇಲ್ಲಿ ವಿವರಿಸುತ್ತೇನೆ. ನಾನು ಬಳಸುವುದು ಬ್ಲೆಂಡರ್. ಬೇರೆ ತಂತ್ರಾಂಶ ಬಳಸುವವರಿಗೆ ಮೆನುಗಳ ಹೆಸರು ಬದಲಾಗಬಹುದು, ಅಳತೆಗಳು ಬದಲಾಗುವುದಿಲ್ಲ.

ಮೊದಲು ಮನೆಯನ್ನೇ ಅಳತೆಗೋಲಾಗಿ ಮಾಡಿಕೊಳ್ಳಿ

ಗಿಡಗಳನ್ನು ತರುವ ಮೊದಲು ಮನೆಯ ಮಾದರಿ ಮೀಟರ್ ಲೆಕ್ಕದಲ್ಲಿ ಸರಿಯಿದೆಯೇ ಎಂದು ನೋಡಿ. ಮುಂಬಾಗಿಲನ್ನು ಆಯ್ದು `N` ಒತ್ತಿದರೆ ಬಲಬದಿಯ ಪಟ್ಟಿಯಲ್ಲಿ `Dimensions` ಕಾಣುತ್ತದೆ. ಅಲ್ಲಿ ಬಾಗಿಲಿನ ಎತ್ತರ ಸುಮಾರು 2.1 ಮೀಟರ್, ಅಂದರೆ ಏಳು ಅಡಿ ಇರಬೇಕು. ನಮ್ಮ ಉದಾಹರಣೆಯ ಮನೆಯಲ್ಲಿ ಪಂಚಾಂಗ 0.6 ಮೀಟರ್, ಒಂದೊಂದು ಅಂತಸ್ತು 3 ಮೀಟರ್, ಆದ್ದರಿಂದ ಮಾಡಿನ ಅಂಚು ನೆಲದಿಂದ 6.6 ಮೀಟರಿನಲ್ಲಿದೆ, ಮಾಡಿನ ನೆತ್ತಿ 8.6 ಮೀಟರಿನಲ್ಲಿದೆ. ಮಹಡಿಯ ಕಿಟಕಿಯ ಕೆಳ ಅಂಚು 4.5 ಮೀಟರಿನಲ್ಲಿ ಬರುತ್ತದೆ. ಈ ನಾಲ್ಕೈದು ಎತ್ತರಗಳನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಇಟ್ಟುಕೊಂಡರೆ ಸಾಕು, ಮುಂದೆ ಪ್ರತಿ ಗಿಡವನ್ನೂ ಇವುಗಳ ಜತೆ ಹೋಲಿಸಿ ನೋಡಬಹುದು.

ಇಳಿಸಿಕೊಂಡ ಮರದ ಮಾದರಿಗಳು ಬೇರೆ ಬೇರೆ ಮಾನದಲ್ಲಿ ಬರುತ್ತವೆ, ಮತ್ತು ತಪ್ಪು ಎಲ್ಲಿಂದ ಬಂತು ಎಂಬುದನ್ನು ಅಂಕಿಯೇ ಹೇಳುತ್ತದೆ. ಹದಿನಾಲ್ಕೂವರೆ ಮೀಟರಿನ ತೆಂಗು 47 ಎಂದು ತೋರಿಸಿದರೆ ಅಡಿಯ ಲೆಕ್ಕವನ್ನು ಮೀಟರ್ ಎಂದು ಓದಲಾಗಿದೆ. 570ರ ಆಸುಪಾಸು ತೋರಿಸಿದರೆ ಅದು ಇಂಚು. 1450 ಎಂದರೆ ಸೆಂಟಿಮೀಟರ್. ಇಂಥ ಸಂದರ್ಭದಲ್ಲಿ ಮರವನ್ನು ಕಣ್ಣಂದಾಜಿನಿಂದ ಎಳೆದು ಕುಗ್ಗಿಸಬೇಡಿ. ಕ್ರಮವಾಗಿ 0.3048, 0.0254 ಅಥವಾ 0.01ರಿಂದ ಗುಣಿಸಿ, ಆಮೇಲೆ `Ctrl+A` ಒತ್ತಿ `Scale` ಆಯ್ದು ಆ ಅಳತೆಯನ್ನೇ ಮೂಲವಾಗಿ ಸ್ಥಿರಪಡಿಸಿ. ಅನಂತರ `Scale` ಪೆಟ್ಟಿಗೆಯಲ್ಲಿ 1.0 ಕಾಣುತ್ತದೆ, ಮತ್ತು ಮುಂದೆ ನೀವು 0.9 ಎಂದು ಹಾಕಿದರೆ ಅದು ನಿಜವಾದ ಮರಕ್ಕಿಂತ ಹತ್ತರಲ್ಲೊಂದು ಪಾಲು ಸಣ್ಣದು ಎಂಬ ಅರ್ಥ ಉಳಿಯುತ್ತದೆ. ಗಿಡದ ಮೂಲಬಿಂದು ಬುಡದಲ್ಲಿರಲಿ. ಅದು ನಡುವಿನಲ್ಲಿದ್ದರೆ ಅಳತೆ ಬದಲಿಸಿದಾಗಲೆಲ್ಲ ಗಿಡ ನೆಲದೊಳಗೆ ಇಳಿಯುತ್ತದೆ ಇಲ್ಲವೇ ಗಾಳಿಯಲ್ಲಿ ತೇಲುತ್ತದೆ.

ಗಿಡ ನೆಡುವ ಮೊದಲು ಕ್ಯಾಮೆರಾ ನಿಲ್ಲಿಸಿ

ತೆಂಗನ್ನು ಕುಗ್ಗಿಸುವ ಪ್ರಲೋಭನೆ ಹುಟ್ಟುವುದೇ ಕ್ಯಾಮೆರಾದಿಂದ, ಆದ್ದರಿಂದ ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಗೇಟಿನ ಒಳಗೆ ನಿಂತ ಮನುಷ್ಯನ ಕಣ್ಣಿನ ಎತ್ತರ, ಅಂದರೆ 1.6 ಮೀಟರಿನಲ್ಲಿ, ಮುಂಗೋಡೆಯಿಂದ 18 ಮೀಟರ್ ದೂರದಲ್ಲಿ ಕ್ಯಾಮೆರಾ ಇದೆ ಎಂದಿಟ್ಟುಕೊಳ್ಳಿ. 28 ಮಿಲಿಮೀಟರ್ ಲೆನ್ಸ್, 36 ಮಿಲಿಮೀಟರ್ ಅಗಲದ ಸೆನ್ಸರ್, ಚಿತ್ರ 1800 × 1200, ಅಂದರೆ ಸೆನ್ಸರ್‌ನ ಎತ್ತರ 24 ಮಿಲಿಮೀಟರ್, ಅದರ ಅರ್ಧ 12. ಕ್ಯಾಮೆರಾ ನೆಲಕ್ಕೆ ಸಮಾಂತರವಾಗಿದ್ದಾಗ ದೃಷ್ಟಿ ಮೇಲಕ್ಕೆ ಎಷ್ಟು ಹೋಗುತ್ತದೆ ಎಂಬುದು ಸರಳ ತ್ರೈರಾಶಿಕ:

```
ಕಾಣುವ ಎತ್ತರ = 1.6 + ದೂರ × (12 / 28)
18 ಮೀ ದೂರದಲ್ಲಿ: 1.6 + 7.7  = 9.3 ಮೀ
32 ಮೀ ದೂರದಲ್ಲಿ: 1.6 + 13.7 = 15.3 ಮೀ
```

ಮುಂಗೋಡೆಯ ಸಾಲಿನಲ್ಲಿ ನಿಂತ ತೆಂಗಿನ ಮರದ 9.3 ಮೀಟರ್ ಮಾತ್ರ ಚಿತ್ರದೊಳಗೆ ಬರುತ್ತದೆ. ಹನ್ನೊಂದು ಮೀಟರ್ ಕಾಂಡವಿರುವ ಮರದ ತಲೆ ಚೌಕಟ್ಟಿನ ಹೊರಗೇ ಉಳಿಯುವುದರಿಂದ ಅಲ್ಲಿ ಒಂದು ಬೋಳು ಕಂಬ ನಿಂತಂತೆ ಕಾಣುತ್ತದೆ. ಕಂಬವನ್ನು ನೋಡಿ ಬೇಸರಗೊಂಡು ನಾವು ಮರವನ್ನು ಕುಗ್ಗಿಸುತ್ತೇವೆ. ಕುಗ್ಗಿಸುವ ಬದಲು ಮಾಡಬಹುದಾದ ಕೆಲಸಗಳು ಮೂರಿವೆ, ನಾನು ಸಾಮಾನ್ಯವಾಗಿ ಮೂರನ್ನೂ ಒಟ್ಟಿಗೆ ಮಾಡುತ್ತೇನೆ.

ಒಂದನೆಯದಾಗಿ, ಎತ್ತರದ ತೆಂಗನ್ನು ಮನೆಯ ಹಿಂದೆ ಒಯ್ಯಿರಿ. ನಮ್ಮ ಮನೆ ಹತ್ತು ಮೀಟರ್ ಆಳವಿದೆ. ಹಿಂಗೋಡೆಯಿಂದ ನಾಲ್ಕು ಮೀಟರ್ ಆಚೆ, ಅಂದರೆ ಕ್ಯಾಮೆರಾದಿಂದ 32 ಮೀಟರಿನಲ್ಲಿ, ಹದಿನಾಲ್ಕೂವರೆ ಮೀಟರಿನ ಮರ ಪೂರ್ತಿ ಹಿಡಿಸುತ್ತದೆ. ಅದರ ಹನ್ನೊಂದು ಮೀಟರ್ ಕಾಂಡ ಮಾಡಿನ ಹಿಂದೆ ಅಡಗುತ್ತದೆ, ತಲೆ ಮಾತ್ರ ಮಾಡಿನ ನೆತ್ತಿಯ ಮೇಲೆ ಎದ್ದು ಕಾಣುತ್ತದೆ. ಕರಾವಳಿಯ ಯಾವ ರಸ್ತೆಯಲ್ಲಿ ನಡೆದರೂ ಹಂಚಿನ ಮಾಡಿನ ಹಿಂದೆ ತೆಂಗು ಕಾಣುವುದು ಹೀಗೆಯೇ. ಇಂಥ ಎರಡು ಮೂರು ಮರಗಳನ್ನು ಬೇರೆ ಬೇರೆ ದೂರದಲ್ಲಿ ಇಟ್ಟರೆ ಹಿತ್ತಿಲಿಗೆ ಆಳ ಬರುತ್ತದೆ. ತೋಟದ ತೆಂಗುಗಳ ನಡುವೆ ಇಪ್ಪತ್ತೈದು ಅಡಿ, ಅಂದರೆ ಏಳೂವರೆ ಮೀಟರ್ ಅಂತರವಿರುತ್ತದೆ ಎಂಬುದನ್ನು ಅಲ್ಲಿಯೂ ಪಾಲಿಸಿ.

ಎರಡನೆಯದಾಗಿ, ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡದೆ `Shift Y`ಗೆ 0.1 ಕೊಡಿ. ಓರೆ ಮಾಡಿದರೆ ಗೋಡೆಗಳ ನೇರ ಗೆರೆಗಳು ಮೇಲೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ; `Shift Y` ಹಾಗೆ ಮಾಡದೆ ಚೌಕಟ್ಟನ್ನು ಮಾತ್ರ ಮೇಲಕ್ಕೆ ಸರಿಸುತ್ತದೆ. ಈ 0.1 ಎಂದರೆ ಸೆನ್ಸರ್ ಅಗಲದ ಹತ್ತನೆಯ ಒಂದು ಪಾಲು, 3.6 ಮಿಲಿಮೀಟರ್. ಈಗ ಮುಂಗೋಡೆಯ ಸಾಲಿನಲ್ಲಿ 11.6 ಮೀಟರ್ ಎತ್ತರದವರೆಗೆ ಕಾಣುತ್ತದೆ, ಕೆಳಗೆ ಜೋತ ಗರಿಗಳೂ ಗೊನೆಗಳೂ ಚಿತ್ರದೊಳಗೆ ಬರುತ್ತವೆ. ಬದಲಾಗಿ ಕ್ಯಾಮೆರಾದ ಹತ್ತಿರದ ನೆಲ ಒಂದೂವರೆ ಮೀಟರಿನಷ್ಟು ಕಡಿಮೆ ಕಾಣುತ್ತದೆ, ಅದರಿಂದ ನಷ್ಟವೇನೂ ಇಲ್ಲ.

ಮೂರನೆಯದಾಗಿ, ಮರ ಚೌಕಟ್ಟಿನಲ್ಲಿ ತುಂಡಾಗುವುದಕ್ಕೆ ಹೆದರಬೇಡಿ. ಮನೆಯ ದಕ್ಷಿಣಕ್ಕೆ, ಗೋಡೆಯಿಂದ ಐದು ಮೀಟರ್ ದೂರದಲ್ಲಿ ಒಂದು ತೆಂಗನ್ನು ನೆಟ್ಟರೆ ಅದು ನಮ್ಮ ಚಿತ್ರದ ಅಂಚಿಗೆ ಬರುತ್ತದೆ. ಅದರ ಅರ್ಧ ತಲೆ ಹೊರಗೆ ಹೋಗುತ್ತದೆ, ನಾಲ್ಕಾರು ಗರಿಗಳ ತುದಿ ಒಳಗೆ ಬಾಗುತ್ತದೆ. ಐದು ಮೀಟರ್ ಎಂಬ ಅಂತರಕ್ಕೂ ಕಾರಣವಿದೆ. ಗರಿಗಳು ಕಾಂಡದಿಂದ ನಾಲ್ಕೂವರೆ ಮೀಟರಿನಷ್ಟು ಆಚೆ ಚಾಚುತ್ತವೆ, ಕಾಯಿ ಬಿದ್ದು ಹಂಚು ಒಡೆಯುವ ಜಾಗದಲ್ಲಿ ಯಾರೂ ತಿಳಿದೂ ತಿಳಿದೂ ತೆಂಗು ನೆಡುವುದಿಲ್ಲ. ರೆಂಡರ್‌ಗಳಲ್ಲಿ ಪೋರ್ಟಿಕೋದ ಕಂಬಕ್ಕೆ ಒರಗಿದಂತೆ ನಿಂತ ತೆಂಗನ್ನು ಕಂಡಾಗಲೆಲ್ಲ ನನಗೆ ಅದರ ಕೆಳಗೆ ನಿಲ್ಲಿಸಿದ ಕಾರಿನ ಗಾಜಿನ ಚಿಂತೆಯಾಗುತ್ತದೆ.

ತೆಂಗು: ಕಾಂಡ ಬೇರೆ, ತಲೆ ಬೇರೆ

ತೆಂಗಿನ ಮರ ಬೆಳೆಯುವ ರೀತಿಯನ್ನು ಒಮ್ಮೆ ನೆನಪಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ನಾಲ್ಕು ವರ್ಷದ ಸಸಿಗೆ ಹೇಳಿಕೊಳ್ಳುವಂಥ ಕಾಂಡವಿರುವುದಿಲ್ಲ, ಆದರೆ ಗರಿಗಳು ಆಗಲೇ ಮೂರು ನಾಲ್ಕು ಮೀಟರ್ ಉದ್ದವಿದ್ದು ನೆಲದಿಂದಲೇ ಕಾರಂಜಿಯ ಹಾಗೆ ಚಿಮ್ಮಿರುತ್ತವೆ. ಅಲ್ಲಿಂದ ಮುಂದೆ ಮರ ಎತ್ತರವಾಗುತ್ತದೆಯೇ ಹೊರತು ದಪ್ಪವಾಗುವುದಿಲ್ಲ. ಗರಿಯ ಉದ್ದವೂ ಐದು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಎಂಟು ಮೀಟರಿನ ಮರಕ್ಕೂ ಹದಿನೈದು ಮೀಟರಿನ ಮರಕ್ಕೂ ತಲೆಯ ಗಾತ್ರ ಹೆಚ್ಚು ಕಡಿಮೆ ಒಂದೇ, ಕಾಂಡದ ಉದ್ದ ಮಾತ್ರ ಬೇರೆ. ಆದ್ದರಿಂದ ಇಡೀ ಮರವನ್ನು ಹಿಗ್ಗಿಸಿ ಕುಗ್ಗಿಸಿ ವಯಸ್ಸು ಬದಲಿಸಲು ಸಾಧ್ಯವಿಲ್ಲ.

ನಾನು ಮಾಡುವುದು ಹೀಗೆ. ಇಳಿಸಿಕೊಂಡ ಮಾದರಿಯಲ್ಲಿ ಗರಿಗಳನ್ನೂ ಗೊನೆಗಳನ್ನೂ `Edit Mode`ನಲ್ಲಿ ಆಯ್ದು `P` ಒತ್ತಿ `Selection` ಆಯ್ದರೆ ತಲೆ ಬೇರೊಂದು ವಸ್ತುವಾಗಿ ಹೊರಬರುತ್ತದೆ. ಹಳೆಯ ಕಾಂಡವನ್ನು ಎಸೆಯುತ್ತೇನೆ. ಹೊಸ ಕಾಂಡಕ್ಕೆ ಒಂದು `Bezier` ಗೆರೆಯನ್ನು ನಿಲ್ಲಿಸಿ, `Bevel` ವಿಭಾಗದ `Depth`ಗೆ 0.14 ಕೊಟ್ಟರೆ ಇಪ್ಪತ್ತೆಂಟು ಸೆಂಟಿಮೀಟರ್ ದಪ್ಪದ ಕಾಂಡ ಸಿದ್ಧವಾಗುತ್ತದೆ. ಎತ್ತರ ತಳಿಯ ಮರದ ಬುಡ ಉಬ್ಬಿರುವುದರಿಂದ ಕೆಳಗಿನ ಬಿಂದುವನ್ನು ಆಯ್ದು `Alt+S` ಒತ್ತಿ ಸುಮಾರು 1.6 ಪಟ್ಟು ಹಿಗ್ಗಿಸಿ, ಆ ಉಬ್ಬು ಅರ್ಧ ಮೀಟರ್ ಎತ್ತರದೊಳಗೆ ಮುಗಿಯುವಂತೆ ಇನ್ನೊಂದು ಬಿಂದುವನ್ನು ಇಡಿ. ಗಿಡ್ಡ ತಳಿಗೆ ಈ ಉಬ್ಬು ಇರುವುದಿಲ್ಲ, ಕಾಂಡವೂ ತೆಳ್ಳಗೆ. ನಿಮಗೆ ಅಂಗಳದಲ್ಲಿ ನಿಜವಾಗಿಯೂ ಗಿಡ್ಡ ತೆಂಗು ಬೇಕಿದ್ದರೆ ಗಿಡ್ಡ ತಳಿಯನ್ನೇ ಮಾಡಿ: ಎರಡು ಮೂರು ಮೀಟರ್ ಕಾಂಡ, ಅದರ ಮೇಲೆ ಸುಮಾರು ನಾಲ್ಕು ಮೀಟರ್ ಗರಿಗಳ ತಲೆ, ಕೈಗೆ ಎಟಕುವ ಎತ್ತರದಲ್ಲಿ ಹಸಿರು ಅಥವಾ ಕಿತ್ತಳೆ ಬಣ್ಣದ ಕಾಯಿಗಳು. ಇದು ಮರವನ್ನು ಕುಗ್ಗಿಸಿದ್ದಕ್ಕಿಂತ ಪೂರ್ತಿ ಬೇರೆಯೇ ಆದ ಆಕೃತಿ, ಮತ್ತು ಇದನ್ನು ಮಹಡಿಯ ಕಿಟಕಿಯ ಎದುರು ಇಟ್ಟರೂ ಯಾರೂ ಬೆರಳು ತೋರಿಸುವುದಿಲ್ಲ.

ಗೆರೆಯಿಂದ ಕಾಂಡ ಮಾಡುವುದರ ಇನ್ನೊಂದು ಲಾಭ ಬಾಗುವಿಕೆ. ಮರವನ್ನು ಓರೆಯಾಗಿ ತಿರುಗಿಸಿ ನಿಲ್ಲಿಸಿದರೆ ಬುಡವೂ ತಲೆಯೂ ಕಾಂಡದ ಜತೆ ಓರೆಯಾಗುತ್ತವೆ, ಗಾಳಿಗೆ ಬೀಳುತ್ತಿರುವ ಕಂಬದಂತೆ ಕಾಣುತ್ತದೆ. ನಿಜವಾದ ತೆಂಗು ಬೆಳಕನ್ನು ಹುಡುಕಿಕೊಂಡು ಮನೆಯಿಂದ ಅಥವಾ ಪಕ್ಕದ ಮರದಿಂದ ಆಚೆಗೆ ಬಾಗಿದರೂ ಅದರ ಸುಳಿ ಮತ್ತೆ ನೇರವಾಗಿ ಮೇಲಕ್ಕೇ ಎದ್ದಿರುತ್ತದೆ. ಗೆರೆಯ ನಡುಬಿಂದುವನ್ನು ಅರ್ಧ ಮುಕ್ಕಾಲು ಮೀಟರ್ ಆಚೆಗೆ ಸರಿಸಿ, ತುದಿಯ ಹಿಡಿಯನ್ನು ನೇರವಾಗಿಸಿ, ತಲೆಯನ್ನು ಓರೆ ಮಾಡದೆ ಅದರ ಮೇಲೆ ಕೂರಿಸಿ.

ಇನ್ನು ತಲೆ. ಸುಲಭವಾಗಿ ಸಿಗುವ ಬಹಳಷ್ಟು ಮಾದರಿಗಳಲ್ಲಿ ಹತ್ತು ಹನ್ನೆರಡು ಗರಿಗಳು ಒಂದೇ ರೀತಿ ಕೊಡೆಯಂತೆ ಬಾಗಿರುತ್ತವೆ. ಆರೋಗ್ಯವಂತ ಮರದಲ್ಲಿ ಸುಮಾರು ಮೂವತ್ತು ಗರಿಗಳಿರುತ್ತವೆ, ಅವು ವಯಸ್ಸಿಗೆ ತಕ್ಕಂತೆ ಇಳಿಯುತ್ತ ಬರುತ್ತವೆ: ಸುಳಿಯ ಹತ್ತಿರದವು ಹೆಚ್ಚುಕಡಿಮೆ ಲಂಬವಾಗಿ, ನಡುವಿನವು ಅಡ್ಡಲಾಗಿ, ಕೊನೆಯ ಎಂಟು ಹತ್ತು ಕೆಳಮುಖವಾಗಿ. ದೂರದಿಂದ ನೋಡಿದರೆ ತಲೆ ಕೊಡೆಗಿಂತ ಚೆಂಡಿಗೆ ಹತ್ತಿರ. ಮಾದರಿಯಲ್ಲಿ ಗರಿ ಕಡಿಮೆಯಿದ್ದರೆ ಇರುವ ಗರಿಗಳನ್ನೇ ನಕಲಿಸಿ ಕೆಳಗಿನ ಸಾಲು ತುಂಬಿಸಿ, ಒಂದೆರಡನ್ನು ಹಳದಿ ಕಂದು ಬಣ್ಣಕ್ಕೆ ತಿರುಗಿಸಿ ಕಾಂಡಕ್ಕೆ ತಾಗುವಷ್ಟು ಇಳಿಬಿಡಿ. ಗೊನೆಗಳು ಗರಿಗಳ ಬುಡದಲ್ಲಿ, ಅಡ್ಡ ಗರಿಗಳ ಸಾಲಿನಲ್ಲಿರಬೇಕು; ಸುಳಿಯ ಪಕ್ಕದಲ್ಲಿ ಬಲಿತ ಕಾಯಿಗಳಿದ್ದರೆ ಅದು ತಪ್ಪು.

ನಾಲ್ಕು ವರ್ಷದ ಸಸಿ ಬೇಕಾದಾಗ ಇದೇ ತಲೆಯ ಪ್ರತಿ ತೆಗೆದು, ಜೋತ ಗರಿಗಳನ್ನೂ ಗೊನೆಗಳನ್ನೂ ಅಳಿಸಿ, ಎದ್ದು ನಿಂತ ಹತ್ತು ಹನ್ನೆರಡನ್ನು ಮಾತ್ರ ಉಳಿಸಿ, 0.75ಕ್ಕೆ ಇಳಿಸಿ ನೆಲಕ್ಕೆ ತಾಗಿಸಿ. ಮುಂದಿನ ಅಂಗಳದಲ್ಲಿ ಇಂಥ ಒಂದು ಸಸಿ ಬಹಳ ಉಪಯುಕ್ತ, ಏಕೆಂದರೆ ಅದು ಪೂರ್ತಿಯಾಗಿ ಚೌಕಟ್ಟಿನಲ್ಲಿ ಹಿಡಿಸುತ್ತದೆ ಮತ್ತು ಮೊದಲು ನಾವು ಮರವನ್ನು ಕುಗ್ಗಿಸಿ ಪಡೆಯಲು ಹೊರಟಿದ್ದ ತುಂಬು ಹಸಿರನ್ನು ಪ್ರಾಮಾಣಿಕವಾಗಿ ಕೊಡುತ್ತದೆ.

ಕೊನೆಗೆ ಬುಡ. ಹುಲ್ಲುಹಾಸಿನಿಂದ ಪೆನ್ಸಿಲಿನಂತೆ ಎದ್ದ ತೆಂಗು ಸಹಜವಲ್ಲ. ಸುತ್ತ ಒಂದೂವರೆ ಎರಡು ಮೀಟರ್ ತ್ರಿಜ್ಯದ ಪಾತಿ, ಅದರಲ್ಲಿ ಕಪ್ಪು ಮಣ್ಣು, ಮಗುಚಿ ಹಾಕಿದ ತೆಂಗಿನ ಸಿಪ್ಪೆ, ಒಂದು ಒಣ ಗರಿ ಇದ್ದರೆ ಮರ ನೆಲಕ್ಕೆ ಸೇರಿದಂತಾಗುತ್ತದೆ.

ಬಾಳೆ: ಒಂದು ಗಿಡವಲ್ಲ, ಒಂದು ಸಂಸಾರ

ಬಾಳೆಗೆ ಅಳತೆಗೋಲು ಬಾಗಿಲು. ಪುಟ್ಟಬಾಳೆ, ಮೈಸೂರು ಬಾಳೆಯಂಥ ಎತ್ತರದ ತಳಿಗಳ ಎಲೆಯ ಹಾಳೆ ಸುಮಾರು ಎರಡು ಮೀಟರ್ ಉದ್ದ, ಅರವತ್ತು ಸೆಂಟಿಮೀಟರ್ ಅಗಲ. ಅಂದರೆ ಉದ್ದದಲ್ಲಿ ಬಾಗಿಲಿನಷ್ಟು, ಅಗಲದಲ್ಲಿ ಬಾಗಿಲಿಗಿಂತ ಕಡಿಮೆ. ದಿಂಡಿನ ಎತ್ತರ ಎರಡೂವರೆ ಮೂರು ಮೀಟರ್, ಎಲೆಗಳನ್ನು ಸೇರಿಸಿ ನಾಲ್ಕು ನಾಲ್ಕೂವರೆ. ನಮ್ಮ ಮನೆಯ ಪಕ್ಕದಲ್ಲಿ ನಿಂತ ಬಾಳೆಯ ಎಲೆಗಳ ತುದಿ ಮಹಡಿಯ ಕಿಟಕಿಯ ಕೆಳ ಅಂಚನ್ನು ತಾಗಬಹುದು, ಅದೇ ಕಿಟಕಿಯ ಮೇಲಿನ ಅಂಚನ್ನು ದಾಟಿದರೆ ಮಾದರಿ ದೊಡ್ಡದಾಗಿದೆ.

ತೆಂಗಿನಲ್ಲಿ ಆದ ತಪ್ಪೇ ಬಾಳೆಯಲ್ಲೂ ಆಗುತ್ತದೆ. ಒಂದೇ ಮಾದರಿಯನ್ನು ಮೂರು ಗಾತ್ರಗಳಲ್ಲಿ ನಿಲ್ಲಿಸಿ ತಾಯಿ, ಮಗಳು, ಮೊಮ್ಮಗಳು ಎಂದುಕೊಳ್ಳುತ್ತೇವೆ. ಬಾಳೆಯ ಕಂದು ತಾಯಿಯ ಚಿಕ್ಕ ಪ್ರತಿಯಲ್ಲ. ಒಂದು ಮೀಟರಿನೊಳಗಿನ ಕಂದಿನ ಎಲೆಗಳು ಕತ್ತಿಯಂತೆ ಕಿರಿದಾಗಿ, ನೆಟ್ಟಗೆ ಇರುತ್ತವೆ. ಹಾಳೆ ಅಗಲವಾಗುವುದು ಗಿಡ ಬೆಳೆದ ಮೇಲೆ. ಆದ್ದರಿಂದ ಒಂದು ಬುಡಕ್ಕೆ ಮೂರು ಬೇರೆ ಮಾದರಿಗಳು ಬೇಕು: ಗೊನೆ ಹಾಕಿದ ತಾಯಿ, ಅದರ ಮುಕ್ಕಾಲು ಎತ್ತರದ, ಗೊನೆಯಿಲ್ಲದ ಗಿಡ, ಮತ್ತು ಕಿರಿದಾದ ಎಲೆಯ ಎರಡು ಕಂದುಗಳು. ಕಂದಿಗೆ ಹೊಸ ಮಾದರಿ ಹುಡುಕಬೇಕಾಗಿಲ್ಲ. ತಾಯಿಯ ಎಲೆಗಳಲ್ಲಿ ಮೂರನ್ನು ಆಯ್ದು ಅಗಲವನ್ನು ಮೂರನೇ ಒಂದಕ್ಕೆ ಇಳಿಸಿ ಮೇಲಕ್ಕೆ ಎಬ್ಬಿಸಿದರೆ ಕೆಲಸ ನಡೆಯುತ್ತದೆ. ಇವೆಲ್ಲ ಒಂದೇ ಬುಡದ ಅರ್ಧ ಮೀಟರಿನೊಳಗೆ, ತುಸು ಹೊರಕ್ಕೆ ಓರೆಯಾಗಿ ನಿಲ್ಲಲಿ. ಪಕ್ಕದಲ್ಲಿ ಕಡಿದ ಹಳೆಯ ದಿಂಡಿನ ಒಂದು ಮೋಟು ಇದ್ದರೆ ಇನ್ನೂ ಚೆನ್ನು, ಏಕೆಂದರೆ ಗೊನೆ ಕಡಿದ ಮೇಲೆ ಗಿಡವನ್ನು ಕಡಿಯುವುದು ವಾಡಿಕೆ. ಗೊನೆ ಹೊತ್ತ ತಾಯಿ ಗೊನೆಯ ಕಡೆಗೇ ವಾಲಿರುತ್ತದೆ, ಅದಕ್ಕೊಂದು ಊರುಗೋಲು ಕೊಡಿ.

ಎಲೆಗಳ ಮೇಲೆ ಸ್ವಲ್ಪ ಸಮಯ ಕಳೆಯುವುದು ಸಾರ್ಥಕ. ಬಾಳೆ ಎಲೆ ಗಾಳಿಗೆ ಅಂಚಿನಿಂದ ನಡುದಂಟಿನವರೆಗೆ ಅಡ್ಡನರಗಳ ಗುಂಟ ಸೀಳುತ್ತದೆ. ಸೀಳಿನ ಪಟ್ಟಿಗಳು ಒಂದೊಂದೂ ಬೇರೆ ಕೋನದಲ್ಲಿ ಇಳಿಬಿದ್ದಿರುತ್ತವೆ. ಎಲೆಯ ಜಾಲದಲ್ಲಿ ಅಡ್ಡಗೆರೆಗಳು ಇದ್ದೇ ಇರುತ್ತವೆ, ಅವುಗಳಲ್ಲಿ ಐದಾರನ್ನು `Edit Mode`ನಲ್ಲಿ ಆಯ್ದು `V` ಒತ್ತಿ ಹರಿದು, ಪಟ್ಟಿಗಳನ್ನು ಎರಡು ಮೂರು ಸೆಂಟಿಮೀಟರ್ ಮೇಲೆ ಕೆಳಗೆ ಸರಿಸಿ. ಎಲ್ಲ ಎಲೆಗಳನ್ನೂ ಹರಿಯಬೇಡಿ. ಸಮುದ್ರದ ಗಾಳಿ ಬರುವ ಪಡುವಣ ಬದಿಯ ಹಳೆಯ ಎಲೆಗಳು ಹರಿದಿರಲಿ, ಮನೆಯ ಮರೆಯಲ್ಲಿರುವ ಹೊಸ ಎಲೆಗಳು ಇಡಿಯಾಗಿರಲಿ, ಗೊನೆ ಹಾಕದ ಗಿಡದ ನೆತ್ತಿಯಲ್ಲಿ ಸುತ್ತಿಕೊಂಡ ಸುಳಿಯೊಂದು ನೆಟ್ಟಗೆ ನಿಂತಿರಲಿ. ಅಡುಗೆಮನೆಯ ಹತ್ತಿರದ ಬಾಳೆಯಲ್ಲಿ ನಾನು ಒಂದು ಎಲೆಯ ತುದಿಯನ್ನು ಒಂದು ಗೇಣಿನಷ್ಟಲ್ಲ, ಒಂದು ಮೊಳದಷ್ಟು ನೇರವಾಗಿ ಕತ್ತರಿಸಿಬಿಡುತ್ತೇನೆ. ಊಟಕ್ಕೆ ಕೊಡಿ ಎಲೆ ಕೊಯ್ದ ಗುರುತು ಅದು. ಚಿತ್ರದಲ್ಲಿ ಅದು ಉಗುರಿನಷ್ಟೇ ಕಂಡರೂ ನಮ್ಮ ಕಡೆಯವರ ಕಣ್ಣು ಅದನ್ನು ಹಿಡಿಯುತ್ತದೆ.

ಜಾಗದ ವಿಷಯದಲ್ಲಿ ಬಾಳೆ ನೀರನ್ನು ಹಿಂಬಾಲಿಸುತ್ತದೆ ಎಂಬುದೊಂದೇ ನಿಯಮ. ಬಚ್ಚಲಿನ ನೀರು, ಪಾತ್ರೆ ತೊಳೆದ ನೀರು ಹೋಗುವ ಕಡೆ ಬಾಳೆ ಇರುತ್ತದೆ. ನಮ್ಮ ಮನೆಯಲ್ಲಿ ಬಚ್ಚಲು ಉತ್ತರದ ಹಿಂಬದಿಯಲ್ಲಿರುವುದರಿಂದ ಅಲ್ಲಿ, ಗೋಡೆಯಿಂದ ಮೂರು ಮೀಟರ್ ಬಿಟ್ಟು ಮೂರು ಬುಡಗಳನ್ನು ಹಾಕಿದೆ. ನಡುವೆ ಸುಮಾರು ಎರಡು ಮೀಟರ್, ಆದರೆ ಸಾಲಾಗಿ ಅಲ್ಲ, ಕಾಲುವೆಯ ಬಳುಕಿನ ಗುಂಟ. ಮುಂಬಾಗಿಲಿನ ಎರಡೂ ಬದಿಗೆ ಜೋಡಿ ಬಾಳೆ ನಿಲ್ಲಿಸಿದರೆ ಮದುವೆ ಮನೆಯ ಕಂಬದಂತಾಗುತ್ತದೆ.

ಹೂಗಿಡಗಳು ಮತ್ತು ಮಾಡಿನ ನೀರು ಬೀಳುವ ಗೆರೆ

ಗಿಡಗಳ ಎತ್ತರಕ್ಕಿಂತ ಎಲೆ ಹೂವುಗಳ ಗಾತ್ರದಲ್ಲಿ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಒಂದು ಮೀಟರಿನ ದಾಸವಾಳದ ಮಾದರಿಯನ್ನು ಎರಡೂವರೆ ಮೀಟರಿಗೆ ಹಿಗ್ಗಿಸಿದರೆ ಗಿಡದ ಎತ್ತರವೇನೋ ಸರಿಯಾಗಿಯೇ ಇರುತ್ತದೆ, ಆದರೆ ಹತ್ತು ಸೆಂಟಿಮೀಟರಿನ ಹೂವು ಊಟದ ತಟ್ಟೆಯಷ್ಟಾಗುತ್ತದೆ. ಗಿಡದ ಒಂದು ಹೂವನ್ನೋ ಎಲೆಯನ್ನೋ ಆಯ್ದು ಅದರ ಅಳತೆ ನೋಡಿ: ದಾಸವಾಳದ ಹೂವು ಅಂಗೈ ತುಂಬುವಷ್ಟು, ನಂದಿಬಟ್ಟಲಿನ ಹೂವು ನಾಲ್ಕೈದು ಸೆಂಟಿಮೀಟರ್, ಕ್ರೋಟನ್ ಎಲೆ ಒಂದು ಗೇಣಿನ ಆಸುಪಾಸು. ಎತ್ತರ ಬೇಕಿದ್ದರೆ ಗಿಡವನ್ನು ಹಿಗ್ಗಿಸದೆ, ಎರಡು ಮೂರು ಪ್ರತಿಗಳನ್ನು ಒಂದರೊಳಗೊಂದು ತೂರಿಸಿ ಬೇರೆ ಬೇರೆ ಎತ್ತರಕ್ಕೆ ಏರಿಸಿ ದೊಡ್ಡ ಪೊದೆ ಕಟ್ಟಿಕೊಳ್ಳಿ.

ಎಲ್ಲಿ ನೆಡಬಾರದು ಎಂಬುದು ಕರಾವಳಿಯ ಮನೆಯಲ್ಲಿ ಮಳೆಯೇ ತೀರ್ಮಾನಿಸಿದ ಸಂಗತಿ. ನಮ್ಮ ಮಾಡು ಗೋಡೆಯಿಂದ 0.9 ಮೀಟರ್ ಮುಂದೆ ಚಾಚಿದೆ. ಇಡೀ ಮಳೆಗಾಲದ ನೀರು ಆ ಗೆರೆಯಲ್ಲಿ ಬೀಳುವುದರಿಂದ ಅಲ್ಲಿ ಮೃದುವಾದ ಗಿಡ ಉಳಿಯುವುದಿಲ್ಲ, ಮಣ್ಣು ಕೊಚ್ಚಿ ಗುಳಿಯಾಗುತ್ತದೆ. ಹಾಗಾಗಿ ಗೋಡೆಯಿಂದ ಸುಮಾರು ಒಂದೂಕಾಲು ಮೀಟರ್ ಜಾಗವನ್ನು ಬರಿದಾಗಿ ಬಿಟ್ಟು, ಗೆರೆಯ ಗುಂಟ ಜಲ್ಲಿ ಅಥವಾ ಪಾಚಿ ಹಿಡಿದ ಮುರಕಲ್ಲಿನ ಪಟ್ಟಿ ಹಾಕಿ, ಅದರ ಆಚೆ ಹೂಗಿಡಗಳನ್ನು ಶುರುಮಾಡಿ. ಈ ಒಂದೇ ಬದಲಾವಣೆಯಿಂದ ಪಂಚಾಂಗದ ಗೆರೆ ಅಲ್ಲಲ್ಲಿ ಇಣುಕಿ ಮನೆ ನೆಲದ ಮೇಲೆ ಕೂತಂತೆ ಕಾಣುತ್ತದೆ. ಗೋಡೆಗೆ ಅಂಟಿಸಿದ ಗಿಡಗಳ ಹಸಿರು ಪಟ್ಟಿ ಮನೆಯನ್ನು ತೇಲಿಸಿಬಿಡುತ್ತದೆ.

ಹದಿನೈದು ಇಪ್ಪತ್ತು ಪೊದೆಗಳಿಗೆ ಯಾದೃಚ್ಛಿಕ ಹಂಚಿಕೆ ಬಳಸಬೇಡಿ, ಕೈಯಿಂದಲೇ ಇಡಿ. `Alt+D`ಯಿಂದ ನಕಲಿಸಿದರೆ ಎಲ್ಲ ಪ್ರತಿಗಳೂ ಒಂದೇ ಜಾಲವನ್ನು ಹಂಚಿಕೊಳ್ಳುವುದರಿಂದ ಗಣಕದ ಮೇಲೆ ಭಾರ ಬೀಳುವುದಿಲ್ಲ. ದೇವರಿಗೆ ಹೂ ಕೊಯ್ಯುವ ದಾಸವಾಳ, ನಂದಿಬಟ್ಟಲು ನಡೆದು ಹೋಗುವ ದಾರಿಯ ಹತ್ತಿರ. ಕ್ರೋಟನ್ ಕಾಂಪೌಂಡಿನ ಗುಂಟ. ಕೆಸು ನೀರು ಜಿನುಗುವಲ್ಲಿ, ಬಾಳೆಯ ಬುಡದ ಹತ್ತಿರ. ಹುಲ್ಲು, ಚಿಕ್ಕ ಜರಿಗಿಡ, ಉದುರಿದ ಎಲೆಗಳಿಗೆ ಮಾತ್ರ `Geometry Nodes` ಸಾಕು: `Distribute Points on Faces` ಅನ್ನು `Poisson Disk`ಗೆ ಬದಲಿಸಿ ಜರಿಗಿಡಕ್ಕೆ `Distance Min` 0.35 ಕೊಡಿ, `Instance on Points`ಗೆ ಜೋಡಿಸಿದ `Random Value`ಯಲ್ಲಿ ಗಾತ್ರ 0.85ರಿಂದ 1.15ರೊಳಗೆ ಇರಲಿ. ಅದಕ್ಕಿಂತ ಹೆಚ್ಚು ಬಿಟ್ಟರೆ ಮತ್ತೆ ಗೊಂಬೆಗಿಡಗಳು ಕಾಣಿಸಿಕೊಳ್ಳುತ್ತವೆ.

ಬಣ್ಣ ಮತ್ತು ಬಿಸಿಲು

ಇಲ್ಲಿ ಹೆಚ್ಚು ಹೇಳುವುದಿಲ್ಲ. ತೆಂಗಿನ ಗರಿ ಮಾಸಿದ ಹಸಿರು, ಬಾಳೆ ಎಲೆ ಹಳದಿ ಬೆರೆತ ಹಸಿರು. ಎರಡಕ್ಕೂ ಒಂದೇ ಹಸಿರು ಹಾಕಿದರೆ ಗಿಡಗಳೆಲ್ಲ ಒಂದೇ ಪ್ಲಾಸ್ಟಿಕ್ ಅಚ್ಚಿನಿಂದ ಬಂದಂತಿರುತ್ತವೆ. ಬಾಳೆ ಎಲೆಯ ಹಿಂದೆ ಬಿಸಿಲಿದ್ದಾಗ ಅದು ಬೆಳಗುತ್ತದೆ, ಆದ್ದರಿಂದ ಮೂಲ ಬಣ್ಣದ ಜತೆ `Translucent BSDF` ಅನ್ನು `Mix Shader` ಮೂಲಕ ಮೂರನೇ ಒಂದರಷ್ಟು ಬೆರೆಸಿ. ಪಾರದರ್ಶಕ ಚಿತ್ರ ಅಂಟಿಸಿದ ಎಲೆಗಳಿರುವ ಮಾದರಿಗಳಲ್ಲಿ ಮರದ ತಲೆಯೊಳಗೆ ಕಪ್ಪು ಕಲೆಗಳು ಕಂಡರೆ ಅದು ನೆರಳಲ್ಲ; `Light Paths` ವಿಭಾಗದ `Transparent` ಮಿತಿ ಮುಗಿದಿದೆ ಎಂದರ್ಥ. ಮೊದಲಿರುವ 8ನ್ನು 32ಕ್ಕೆ ಏರಿಸಿ.

ಉಡುಪಿ ಹದಿಮೂರೂ ಚಿಲ್ಲರೆ ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಡಿಸೆಂಬರಿನ ನಡುಹಗಲಲ್ಲೂ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ, ಜೂನ್‌ನಲ್ಲಿ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಮೂವತ್ತು ಡಿಗ್ರಿ ಎತ್ತರದಿಂದ ಬೀಳುವ ನಸುಗೆಂಪು ಬೆಳಕನ್ನು ನಡುಹಗಲು ಎಂದು ತೋರಿಸಿದರೆ ಊರು ಬದಲಾಗುತ್ತದೆ. ಬೆಳಗಿನ ಚಿತ್ರಕ್ಕೆ ನಾನು 40 ಡಿಗ್ರಿ ಇಡುತ್ತೇನೆ. ಆಗ ಹದಿನಾಲ್ಕೂವರೆ ಮೀಟರಿನ ತೆಂಗಿನ ನೆರಳು ಹದಿನೇಳು ಮೀಟರ್ ಉದ್ದ ಬೀಳುತ್ತದೆ. ಚೌಕಟ್ಟಿನ ಹೊರಗೆ, ಕ್ಯಾಮೆರಾದ ಹಿಂದೆ ಒಂದು ಮರ ನಿಲ್ಲಿಸಿದರೆ ಅದರ ಗರಿಗಳ ನೆರಳು ಅಂಗಳದ ಮೇಲೆ ಹರಡುತ್ತದೆ. ಕಾಣದ ಮರವೂ ತನ್ನ ಪೂರ್ತಿ ಎತ್ತರವನ್ನು ಹೀಗೆ ಹೇಳಿಬಿಡುತ್ತದೆ.

ಒಪ್ಪಿಸುವ ಮೊದಲು ಎರಡು ಪರೀಕ್ಷೆ

ಕೆಲಸದ ನಡುವೆ ಕೈತಪ್ಪಿ ಯಾವುದೋ ಗಿಡ ಕುಗ್ಗಿರುತ್ತದೆ. ಎಲ್ಲ ಗಿಡಗಳನ್ನೂ ಆಯ್ದು `Scripting` ಕಿಟಕಿಯಲ್ಲಿ ಇದನ್ನು ಓಡಿಸಿದರೆ ಹೆಸರು, ಎತ್ತರ, `Scale` ಮೂರೂ ಸಿಸ್ಟಮ್ ಕನ್ಸೋಲ್‌ನಲ್ಲಿ ಸಾಲಾಗಿ ಬರುತ್ತವೆ:

```python
import bpy
for o in bpy.context.selected_objects:
    print(o.name, round(o.dimensions.z, 2),
          [round(s, 2) for s in o.scale])
```

ತೆಂಗಿನ ತಲೆಯ `Scale` 0.9ರಿಂದ 1.1ರ ಹೊರಗಿದ್ದರೆ, ಅದು ನೀವೇ ಮಾಡಿದ ಎಳೆಯ ಸಸಿಯಲ್ಲದಿದ್ದರೆ, ಅಲ್ಲಿ ನಿಲ್ಲಿಸಿ ನೋಡಿ.

ಎರಡನೆಯದು ಕಣ್ಣಿನ ಪರೀಕ್ಷೆ. ಮನೆಯ ಕಲೆಕ್ಷನ್ ಅನ್ನು ಮರೆಮಾಡಿ ಬರೀ ಗಿಡಮರಗಳ ಚಿಕ್ಕದೊಂದು ರೆಂಡರ್ ತೆಗೆಯಿರಿ, ಮತ್ತು ಮನೆಯ ನಕ್ಷೆಯನ್ನು ನೋಡಿರದ ಯಾರಿಗಾದರೂ ತೋರಿಸಿ ಬಚ್ಚಲು ಎಲ್ಲಿತ್ತು, ಮಾಡಿನ ಅಂಚು ಎಲ್ಲಿಯವರೆಗೆ ಚಾಚಿತ್ತು ಎಂದು ಕೇಳಿ. ಎರಡನೆಯ ಸಲ ನಾನು ಅಂಥ ಚಿತ್ರವನ್ನು ಅದೇ ಯಜಮಾನರ ತಾಯಿಯ ಎದುರು ಇಟ್ಟಾಗ ಅವರು ಕನ್ನಡಕ ಸರಿಮಾಡಿಕೊಂಡು, ಬಾಳೆಯ ಬುಡದ ಮೇಲೆ ಬೆರಳಿಟ್ಟು, "ಬಚ್ಚಲು ಇಲ್ಲಿ ಅಲ್ವಾ ಮಗ" ಎಂದರು. ಆಮೇಲೆ ಆ ಕತ್ತರಿಸಿದ ಎಲೆಯನ್ನು ನೋಡಿ, ಯಾರು ಕೊಯ್ದದ್ದು ಎಂದು ಕೇಳಿದರು.